ಕಸ ಒಳಗೆ, ಕಸ ಹೊರಗೆ

ಯಂತ್ರಕ್ಕೆ ಕೊಟ್ಟ ಮಾಹಿತಿ ಕೆಟ್ಟಿದ್ದರೆ ಫಲಿತಾಂಶವೂ ಕೆಡುತ್ತದೆ ಎಂಬ ಗಣಕಶಾಸ್ತ್ರದ ಸೂತ್ರ. ತಪ್ಪು ಅಂಕಿ ಕೊಟ್ಟರೂ ಯಂತ್ರ ಸರಿಯುತ್ತರ ಕೊಡುತ್ತದೆಯೇ ಎಂದು ತನ್ನನ್ನು ಕೇಳಿದವರ ವಿಷಯವನ್ನು ಚಾರ್ಲ್ಸ್ ಬ್ಯಾಬೇಜ್ 1864ರ ಆತ್ಮಕಥನದಲ್ಲಿ ಬರೆದಿದ್ದಾನೆ.

ಚಾಟ್ ಪ್ರೋಗ್ರಾಮಿನಲ್ಲಿ ಈ ಕೆಡುಕು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಚಿಕ್ಕೋಡಿ ತಾಲೂಕಿನ ಕರೋಶಿಯ ವಿದ್ಯಾರ್ಥಿಯೊಬ್ಬಳು ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರ ಬಳಸಿ ಹೀಗೆ ಟೈಪ್ ಮಾಡಿದಳು ಎನ್ನೋಣ:

```
togari bele hegide
```

ಅವಳು ಕೇಳಿದ್ದು ಹೊಲದ ಬೆಳೆಯ ಬಗ್ಗೆ. ಆದರೆ bele ಎಂಬ ನಾಲ್ಕು ಅಕ್ಷರಗಳಲ್ಲಿ ಬೆಲೆ, ಬೆಳೆ, ಬೇಳೆ ಮೂರೂ ಅಡಗಿವೆ. ತೊಗರಿಗೆ ಮೂರೂ ಹೊಂದುತ್ತವೆ. ಎ–ಏ ಭೇದವೂ ಲ–ಳ ಭೇದವೂ ಟೈಪಿಸುವಾಗಲೇ ಕಳೆದುಹೋಗಿವೆ. ಪ್ರೋಗ್ರಾಮು ಅವಳ ದನಿ ಕೇಳಿಲ್ಲ, ಹೊಲ ನೋಡಿಲ್ಲ. ತಾನು ಕಲಿತ ಪಠ್ಯದಲ್ಲಿ ಇಂಥ ಪದಗಳ ಜೊತೆ ಹೆಚ್ಚಾಗಿ ಬಂದ ಅರ್ಥವನ್ನು ಹಿಡಿದು, ಮಾರುಕಟ್ಟೆ ದರವನ್ನು ನಿಸ್ಸಂಕೋಚವಾಗಿ ವಿವರಿಸಬಹುದು. ವಾಕ್ಯ ನುಣುಪಾಗಿರುವುದರಿಂದ ತಪ್ಪು ಮರೆಯಾಗುತ್ತದೆ. ಅವಳು ಟೈಪಿಸಿದ್ದನ್ನು ಕಸ ಎನ್ನುವುದಕ್ಕಿಂತ ಅರ್ಧ ಅಳಿಸಿದ ಪ್ರಶ್ನೆ ಎನ್ನುವುದೇ ನ್ಯಾಯ.

ಇಂಥ ತಪ್ಪನ್ನು ಪತ್ತೆಹಚ್ಚಲು ಅದೇ ಪ್ರಶ್ನೆಯನ್ನು ಕನ್ನಡ ಲಿಪಿಯಲ್ಲಿ ಮತ್ತೆ ಬರೆದು ಎರಡೂ ಉತ್ತರಗಳನ್ನು ಹೋಲಿಸಬೇಕು. ವಿಷಯವೇ ಬದಲಾದರೆ ಮೊದಲ ಸಲ ಪ್ರೋಗ್ರಾಮು ಊಹಿಸಿತ್ತೆಂದು ತಿಳಿಯುತ್ತದೆ. ಲಿಪಿ ಬದಲಿಸದೆಯೂ "ಹೂ ಬಿಟ್ಟಿದೆ, ಎಲೆಗೆ ಹುಳು ಬಿದ್ದಿದೆ" ಎಂಬ ಒಂದು ಸಾಲು ಸೇರಿಸಿದರೆ ಬೆಳೆಯ ಅರ್ಥ ಗಟ್ಟಿಯಾಗುತ್ತದೆ. ಆದರೆ ಪ್ರಶ್ನೆ ಸ್ಪಷ್ಟವಾದ ಮಾತ್ರಕ್ಕೆ ಉತ್ತರ ನಿಜವಾಗಬೇಕಿಲ್ಲ: ಕಲಿತ ಪಠ್ಯದಲ್ಲೇ ತಪ್ಪಿದ್ದರೆ ಕಸ ಆ ಬಾಗಿಲಿನಿಂದಲೂ ಒಳಬರುತ್ತದೆ.