ಆ ಮಾತು ರಾಮನದೇ?

ಕುಂದಾಣದ ನಮ್ಮ ಶಾಲೆಯ ಗೋಡೆಯ ಮೇಲೆ, ತಾಯಿಯೂ ಹುಟ್ಟಿದ ನೆಲವೂ ಸ್ವರ್ಗಕ್ಕಿಂತ ಮಿಗಿಲು ಎನ್ನುವ ಸಂಸ್ಕೃತದ ಸಾಲಿದೆ. ಕೆಳಗೆ 'ವಾಲ್ಮೀಕಿ ರಾಮಾಯಣ' ಎಂದು ಬರೆಸಿದ್ದೇವೆ. ಚಿನ್ನದ ಲಂಕೆಗೆ ಮನಸೋತ ಲಕ್ಷ್ಮಣನಿಗೆ ರಾಮ ಹೇಳಿದ ಮಾತಿದು ಎಂದು ಎಷ್ಟು ರಾಜ್ಯೋತ್ಸವಗಳಲ್ಲಿ ನಾನೇ ಭಾಷಣ ಮಾಡಿದ್ದೇನೋ! ಒಂದು ದಿನ ಏಳನೆಯ ತರಗತಿಯ ಹುಡುಗಿ, "ಯಾವ ಕಾಂಡದಲ್ಲಿದೆ ಮಿಸ್?" ಎಂದಳು. ಯುದ್ಧಕಾಂಡ ಎಂದೆ. "ಎಷ್ಟನೇ ಸರ್ಗ?" ಎಂದಾಗ ಬಾಯಿ ಕಟ್ಟಿತು.

ಕನ್ನಡ ಅನುವಾದವಿರುವ ರಾಮಾಯಣ ಹಿಡಿದು ಕೂತೆ. ರಾವಣನ ವಧೆಯಾಗಿದೆ, ಸೀತೆ ಬಂದಿದ್ದಾಳೆ. ಆ ಮಾತು ಬರಬೇಕಾದ ಜಾಗ ಇದೇ. ಬಳಕೆಯ ಮುದ್ರಣಗಳಲ್ಲಿ ಇದು 121ನೆಯ ಸರ್ಗದ ಆಸುಪಾಸು. ಅಲ್ಲಿ ಲಂಕೆಯಲ್ಲಿ ಉಳಿಯಬೇಕೆಂದು ಆಸೆಪಡುವವನು ಲಕ್ಷ್ಮಣನಲ್ಲ. ಸ್ವಲ್ಪ ದಿನ ಇದ್ದು ಹೋಗಿ ಎಂದು ಬೇಡುವವನು ವಿಭೀಷಣ. ರಾಮ ಒಪ್ಪುವುದಿಲ್ಲ. ಆದರೆ ಅವನು ಕೊಡುವ ಕಾರಣ ಬೇರೆ. ಚಿತ್ರಕೂಟದವರೆಗೆ ಬಂದು ತಲೆಬಾಗಿ ಕರೆದರೂ ತಾನು ಹಿಂತಿರುಗದೆ ಕಳಿಸಿಬಿಟ್ಟ ಭರತನನ್ನು ನೋಡಬೇಕು. ಕೌಸಲ್ಯೆ, ಸುಮಿತ್ರೆಯರನ್ನು ನೋಡಬೇಕು, ಕೈಕೇಯಿಯನ್ನೂ ನೋಡಬೇಕು. ಕಾಡಿಗೆ ಕಳಿಸಿದವಳನ್ನೂ ಬಿಡದೆ ನೆನೆದದ್ದನ್ನು ಓದಿ ಪುಸ್ತಕ ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತೆ.

ಬರೋಡದ ಓರಿಯೆಂಟಲ್ ಇನ್‌ಸ್ಟಿಟ್ಯೂಟ್ ಹಲವು ಪ್ರಾಂತಗಳ ಹಸ್ತಪ್ರತಿಗಳನ್ನು ಹೋಲಿಸಿ 1960ರಿಂದ 1975ರವರೆಗೆ ರಾಮಾಯಣದ ಪರಿಷ್ಕೃತ ಆವೃತ್ತಿಯನ್ನು ಏಳು ಸಂಪುಟಗಳಲ್ಲಿ ಹೊರತಂದಿತು. ಅದರ ಮೂಲಪಾಠದಲ್ಲೂ ಈ ಸಾಲಿಲ್ಲ. ದಕ್ಷಿಣದ ಒಂದು ಹಳೆಯ ಮುದ್ರಣದಲ್ಲೇನೋ ಇದೆ. ಆದರೆ ಅಲ್ಲಿ ಹೇಳುವವರು ಭರದ್ವಾಜ ಮುನಿಗಳು, ಕೇಳುವವನು ರಾಮ. ಶ್ಲೋಕದ ಮೊದಲರ್ಧದಲ್ಲಿ ಲಂಕೆಯೂ ಇಲ್ಲ, ಚಿನ್ನವೂ ಇಲ್ಲ. ಮಿತ್ರರು, ಧನ, ಧಾನ್ಯದ ಮಾತಿದೆ. ಒಂದೇ ಬಾಲಕ್ಕೆ ಎರಡು ತಲೆ! ಜನರ ಬಾಯಲ್ಲಿ ಬಿಡಿಯಾಗಿ ಓಡಾಡುತ್ತಿದ್ದ ಸುಭಾಷಿತ ಆಮೇಲೆ ಕಥೆಗೆ ಅಂಟಿಕೊಂಡಿರಬೇಕೆಂದು ನನಗೆ ಅನ್ನಿಸಿದ್ದು ಇದರಿಂದಲೇ. 1882ರಲ್ಲಿ ಪುಸ್ತಕವಾಗಿ ಬಂದ 'ಆನಂದಮಠ'ದಲ್ಲಿ ಬಂಕಿಮಚಂದ್ರರು ಅದನ್ನು ಭವಾನಂದನ ಬಾಯಲ್ಲಿ ಆಡಿಸಿದರು. ಸ್ವಾತಂತ್ರ್ಯ ಚಳವಳಿಯ ಕಾಲಕ್ಕೆ ಅದು ಮನೆಮಾತಾಯಿತು.

"ಹಾಗಾದರೆ ಗೋಡೆಯಿಂದ ಅಳಿಸಬೇಕೇನ್ರೀ?" ಎಂದು ಸಹೋದ್ಯೋಗಿಯೊಬ್ಬರು ನೊಂದು ಕೇಳಿದರು. ಸಾಲು ಇರಲಿ, ಹೆಸರು ಮಾತ್ರ ಬದಲಿಸೋಣ ಎಂದೆ. ಈಗ ಅದರ ಕೆಳಗೆ 'ಸುಭಾಷಿತ' ಎಂದಿದೆ. ಮರುದಿನ ತರಗತಿಯಲ್ಲಿ, ಇಷ್ಟು ವರ್ಷ ತಪ್ಪು ಹೇಳಿದೆ ಎಂದು ಒಪ್ಪಿಕೊಂಡು, ವಿಭೀಷಣನಿಗೆ ರಾಮ ಕೊಟ್ಟ ಉತ್ತರವನ್ನು ಓದಿ ಹೇಳಿದೆ. ಹುಡುಗಿ, "ಕೈಕೇಯಿ ಮೇಲೆ ಕೋಪ ಇರಲಿಲ್ವಾ ಮಿಸ್?" ಎಂದಳು. ಮತ್ತೆ ಪುಸ್ತಕ ತೆರೆಯಬೇಕಾಯಿತು.