‘ಸಮಾನ’ದ ಲೆಕ್ಕ

ಕಣ್ಣಿನ ರೆಟಿನಾದಿಂದ ರೆಟಿನಾಲ್, ಎಲೆ ಎಂಬರ್ಥದ ಲ್ಯಾಟಿನ್ ‘ಫೋಲಿಯಂ’ನಿಂದ ಫೋಲೇಟ್. ಇವಕ್ಕೆ ‘ಸಮಾನ’ ಎಂದು ಸೇರಿಸಿದಾಗ ಲೇಬಲ್ಲಿನ ಅಂಕಿ ಬರೀ ತೂಕವಲ್ಲ, ದೇಹಕ್ಕೆ ಎಷ್ಟು ದಕ್ಕುತ್ತದೆಂಬ ಅಂದಾಜು.

ಕ್ಯಾರೆಟ್ಟಿನಲ್ಲಿ 6000 ಮೈಕ್ರೋಗ್ರಾಂ ಬೀಟಾ ಕ್ಯಾರೊಟಿನ್ ಇದೆಯೆನ್ನಿ. ಹಳೆಯ ರೆಟಿನಾಲ್ ಸಮಾನ (ಆರ್‌ಇ) ಅದನ್ನು 6ರಿಂದ ಭಾಗಿಸಿ 1000 ಎನ್ನುತ್ತದೆ. ಕ್ಯಾರೊಟಿನ್ ಅಷ್ಟೊಂದು ಹೀರಿಕೆಯಾಗದೆಂದು ಕಂಡು, 2001ರಲ್ಲಿ ಅಮೆರಿಕದ ತಜ್ಞರು ತಂದ ರೆಟಿನಾಲ್ ಚಟುವಟಿಕೆ ಸಮಾನ, ಅಂದರೆ ಆರ್‌ಎಇ, 12ರಿಂದ ಭಾಗಿಸುತ್ತದೆ: 500. ಹಳೆಯ, ಹೊಸ ಲೇಬಲ್ಲುಗಳನ್ನು ಪಕ್ಕಪಕ್ಕ ಇಟ್ಟರೆ ಅದೇ ಕ್ಯಾರೆಟ್ ಅರ್ಧಕ್ಕಿಳಿದಂತೆ ಕಾಣುತ್ತದೆ. ಹಾಲು, ಮೊಟ್ಟೆಯ ಸಿದ್ಧ ರೆಟಿನಾಲ್‌ಗೆ ಈ ವ್ಯತ್ಯಾಸವಿಲ್ಲ.

ಫೋಲೇಟ್‌ನಲ್ಲಿ ಅಂಕಿ ಏರುತ್ತದೆ. ಮಾತ್ರೆಯ ಫೋಲಿಕ್ ಆಮ್ಲ ಸೊಪ್ಪಿನ ಫೋಲೇಟ್‌ಗಿಂತ ಚೆನ್ನಾಗಿ ಹೀರಿಕೆಯಾಗುವುದರಿಂದ ಅದನ್ನು 1.7ರಿಂದ ಗುಣಿಸಿ ಆಹಾರ ಫೋಲೇಟ್ ಸಮಾನ, ಅಂದರೆ ಡಿಎಫ್‌ಇ, ಎಂದು ಬರೆಯುತ್ತಾರೆ. ಹಾಗಾಗಿ ‘240 ಫೋಲಿಕ್ ಆಮ್ಲ’, ‘400 ಡಿಎಫ್‌ಇ’ ಎರಡೂ ಹೆಚ್ಚುಕಡಿಮೆ ಒಂದೇ ಮಾತ್ರೆ.