ಹೆಪ್ಪುಗಟ್ಟಿದ ಮೊದಲ ನಳಿಕೆ: ಕೊಳಕುಮಂಡಲದ ಕಡಿತದಲ್ಲಿ ಶುಶ್ರೂಷಾ ನಿಗಾ ಕುರಿತು ಒಂದು ಪುನರ್ವಿಚಾರ

ಶ್ರೀಲಂಕಾದ ಕೊಳಕುಮಂಡಲ ಕಡಿತದ ರೋಗಿಗಳನ್ನು ಕುರಿತು ಇಸ್ಬಿಸ್ಟರ್, ಮದುವಗೆ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ವಾರ್ಡಿನಲ್ಲಿ ನಾವು ಕಣ್ಣುಮುಚ್ಚಿ ನಂಬಿಕೊಂಡು ಬಂದ ಪರೀಕ್ಷೆಯೊಂದರ ಬುಡಕ್ಕೇ ಕೈ ಹಾಕಿತು. ದಾಖಲಾಗುವಾಗಲೇ ರಕ್ತ ಹೆಪ್ಪುಗಟ್ಟುವ ಶಕ್ತಿ ಕೆಟ್ಟಿದ್ದ 140 ರೋಗಿಗಳ ಪೈಕಿ 56 ಮಂದಿಯಲ್ಲಿ ಮಾತ್ರ ಇಪ್ಪತ್ತು ನಿಮಿಷದ ಹೆಪ್ಪು ಪರೀಕ್ಷೆ ಅದನ್ನು ಹಿಡಿದಿತ್ತು. ಎಂದರೆ ಶೇ. 40. ರಕ್ತ ಸರಿಯಿದ್ದ 32 ಮಂದಿಯಲ್ಲಿ ಒಬ್ಬರಲ್ಲೂ ಅದು ತಪ್ಪಾಗಿ 'ಕೆಟ್ಟಿದೆ' ಎಂದಿರಲಿಲ್ಲ. ಈ ಪರೀಕ್ಷೆಯನ್ನು ನಂಬಿ ಕುಳಿತರೆ ವಿಷಪ್ರತಿರೋಧಕ ಔಷಧಿ ಕೊಡುವುದು ತಡವಾಗುತ್ತದೆ ಎಂಬುದು ಲೇಖಕರ ತೀರ್ಮಾನ. ಅಂಕಿಗಳ ಬಗ್ಗೆ ನನ್ನ ತಕರಾರಿಲ್ಲ. ಆ ಶೇ. 40 ಅಳೆದದ್ದು ಏನನ್ನು ಎಂಬುದರ ಬಗ್ಗೆ ಇದೆ.

ಎಲ್ಲರೂ ಒಪ್ಪಿರುವ ಸಂಗತಿಗಳನ್ನು ಮೊದಲು ಚುಟುಕಾಗಿ ಹೇಳಿ ಮುಗಿಸುತ್ತೇನೆ. ಸುರವೀರ ಮತ್ತು ಸಂಗಡಿಗರ 2020ರ ಅಂದಾಜಿನಂತೆ ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಡಿದು ಸಾಯುತ್ತಾರೆ. ಕರ್ನಾಟಕ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಸಾಲಿಗೆ ಸೇರಿಸಿತು. ಪ್ರಥಮ ಚಿಕಿತ್ಸೆಯಲ್ಲಿ ವಿವಾದ ಹೆಚ್ಚಿಲ್ಲ: ಧೈರ್ಯ ಹೇಳುವುದು, ಉಂಗುರ ಕಾಲುಂಗುರ ತೆಗೆಯುವುದು, ಕಡಿಸಿಕೊಂಡ ಕಾಲನ್ನು ಮುರಿದ ಮೂಳೆಗೆ ಪಟ್ಟಿ ಕಟ್ಟುವ ಹಾಗೆ ಅಲುಗದಂತೆ ಇಡುವುದು, ನಡೆಸದೆ ಎತ್ತಿಕೊಂಡು ಆಸ್ಪತ್ರೆಗೆ ಒಯ್ಯುವುದು. ಬಿಗಿಯಾಗಿ ಹಗ್ಗ ಕಟ್ಟುವುದು, ಕೊಯ್ಯುವುದು, ಚೀಪುವುದು ಕೂಡದು. ಕಟ್ಟಿಕೊಂಡೇ ಬಂದಿದ್ದರೆ ವೈದ್ಯರು ಹತ್ತಿರವಿಲ್ಲದೆ ಆ ಕಟ್ಟನ್ನು ತಟಕ್ಕನೆ ಬಿಚ್ಚಬಾರದು. ತಡೆದು ನಿಂತಿದ್ದ ವಿಷ ಒಮ್ಮೆಲೇ ಮೈಗೆ ನುಗ್ಗಬಹುದು. ಶುಶ್ರೂಷಕಿಗೆ ಇವೆಲ್ಲಕ್ಕಿಂತ ಹೆಚ್ಚು ಬೇಕಾದ ಮಾಹಿತಿ ಕಡಿತದ ಸಮಯ. ಅದನ್ನು ರೋಗಿಯ ಜೊತೆ ಬಂದವರಿಂದ ಕೇಳಿ ಕೇಸ್‌ಶೀಟಿನ ತಲೆಯ ಮೇಲೆ ಬರೆದಿಡದಿದ್ದರೆ ಮುಂದೆ ನೋಡುವ ಯಾವ ಚಿಹ್ನೆಗೂ ಅರ್ಥ ಉಳಿಯುವುದಿಲ್ಲ.

ಈಗ ಪರೀಕ್ಷೆಗೆ ಬರೋಣ. 1970ರ ದಶಕದಲ್ಲಿ ನೈಜೀರಿಯಾದಲ್ಲಿ ಡೇವಿಡ್ ವಾರೆಲ್ ಮತ್ತು ಅವರ ಬಳಗ ಮಂಡಲದ ಹಾವಿನ ಕಡಿತಕ್ಕೆ ಹಾಸಿಗೆಯ ಪಕ್ಕದಲ್ಲೇ ಮಾಡಬಹುದಾದ ಈ ಸರಳ ಕ್ರಮವನ್ನು ಬಳಕೆಗೆ ತಂದರು. ಸುಮಾರು 2 ಮಿ.ಲೀ. ಸಿರೆರಕ್ತವನ್ನು ಶುದ್ಧವಾದ, ಒಣಗಿದ ಗಾಜಿನ ನಳಿಕೆಗೆ ಹಾಕಿ, ಅಲುಗಿಸದೆ 20 ನಿಮಿಷ ಬಿಟ್ಟು, ಆಮೇಲೆ ಒಂದೇ ಸಲ ಬಗ್ಗಿಸಿ ನೋಡಬೇಕು. ರಕ್ತ ಹರಿದರೆ ವಿಷ ಹೆಪ್ಪುಗಟ್ಟುವ ಅಂಶಗಳನ್ನು ತಿಂದುಹಾಕಿದೆ ಎಂದರ್ಥ. ಕೊಳಕುಮಂಡಲದ ವಿಷ ಹೆಪ್ಪುಗಟ್ಟುವಿಕೆಯ ಐದನೆಯ ಮತ್ತು ಹತ್ತನೆಯ ಅಂಶಗಳನ್ನು ನೇರವಾಗಿ ಕೆರಳಿಸುತ್ತದೆ. ರಕ್ತನಾಳಗಳ ಒಳಗೇ ಹೆಪ್ಪುಗಟ್ಟುವ ಕ್ರಿಯೆ ಎಡೆಬಿಡದೆ ನಡೆದು, ಫೈಬ್ರಿನೋಜೆನ್ ಖಾಲಿಯಾಗುತ್ತ ಹೋಗುತ್ತದೆ. ಹೊರಗೆ ತೆಗೆದ ರಕ್ತದಲ್ಲಿ ಕಟ್ಟಲು ಏನೂ ಉಳಿದಿರುವುದಿಲ್ಲ.

ಇಲ್ಲಿ ಗಾಜು ಕೇವಲ ಪಾತ್ರೆಯಲ್ಲ, ಪರೀಕ್ಷೆಯ ಒಂದು ಭಾಗ. ಗಾಜಿನ ಮೈ ಸೋಂಕಿದಾಗಲೇ ಹನ್ನೆರಡನೆಯ ಅಂಶ ಎಚ್ಚರಗೊಂಡು ಹೆಪ್ಪುಗಟ್ಟುವಿಕೆ ಶುರುವಾಗುತ್ತದೆ. ಪ್ಲಾಸ್ಟಿಕ್ ನಳಿಕೆಗೆ ಆ ಗುಣವಿಲ್ಲ. ಸೋಪಿನ ಪುಡಿಯಲ್ಲಿ ತೊಳೆದ ಗಾಜೂ ಅದನ್ನು ಕಳೆದುಕೊಳ್ಳುತ್ತದೆ. ಆದರೆ ಇವೆರಡೂ ಚೆನ್ನಾಗಿರುವ ರಕ್ತವನ್ನು ಕೆಟ್ಟಂತೆ ತೋರಿಸುವ ದೋಷಗಳು. 2013ರ ಅಧ್ಯಯನದಲ್ಲಿ ಕಂಡದ್ದು ಇದರ ತಿರುವುಮುರುವು: ಕೆಟ್ಟ ರಕ್ತ ಚೆನ್ನಾಗಿರುವಂತೆ ಕಂಡಿತ್ತು. ಹಾಗಾಗಿ ತಪ್ಪನ್ನೆಲ್ಲ ನಳಿಕೆ ತೊಳೆಯುವವರ ತಲೆಗೆ ಕಟ್ಟುವ ನಮ್ಮ ಹಳೆಯ ಅಭ್ಯಾಸ ಇಲ್ಲಿ ಸಲ್ಲದು. (ಪಕ್ಕದಲ್ಲಿ ಆರೋಗ್ಯವಂತರೊಬ್ಬರ ರಕ್ತದ ಹೋಲಿಕೆ ನಳಿಕೆ ಇಟ್ಟರೆ ಆ ದೋಷ ತಕ್ಷಣ ಗೊತ್ತಾಗುತ್ತದೆ. ಆದರೂ ಇಡುವವರು ಕಡಿಮೆ.)

ಹಾಗಾದರೆ ಕೆಟ್ಟ ರಕ್ತ 'ಹೆಪ್ಪುಗಟ್ಟಿದೆ' ಎಂದು ದಾಖಲಾಗುವುದು ಹೇಗೆ? ಮೂರು ದಾರಿಗಳು ಕಾಣುತ್ತವೆ. ಗಡಿಬಿಡಿಯ ವಾರ್ಡಿನಲ್ಲಿ 20 ನಿಮಿಷ 35 ಆಗುತ್ತದೆ, ನಿಧಾನವಾಗಿ ಕಟ್ಟುವ ರಕ್ತಕ್ಕೆ ಅಷ್ಟು ಹೊತ್ತು ಸಾಕಾಗುತ್ತದೆ. ಎರಡನೆಯದು, ನಳಿಕೆಯ ತಳದಲ್ಲಿ ಸಡಿಲವಾದ, ಚೂರುಚೂರಾದ ಗಡ್ಡೆಯೊಂದು ಕಂಡರೆ ಅದನ್ನೂ 'ಹೆಪ್ಪು' ಎಂದೇ ಬರೆಯುತ್ತಾರೆ, ಏಕೆಂದರೆ ನಮೂನೆಯಲ್ಲಿ ಹೌದು, ಇಲ್ಲ ಎಂಬ ಎರಡೇ ಕಾಲಮು. ಮೂರನೆಯದು ಪರೀಕ್ಷೆಯ ಸ್ವಭಾವದಲ್ಲೇ ಇದೆ: ಫೈಬ್ರಿನೋಜೆನ್ ಬಹಳ ಕೆಳಗೆ ಇಳಿದ ಮೇಲಷ್ಟೇ ನಳಿಕೆಯ ರಕ್ತ ಹರಿಯುತ್ತದೆ. ಅರ್ಧ ಇಳಿದಿರುವಾಗ ಪ್ರಯೋಗಾಲಯ ಅದನ್ನು ಹಿಡಿಯುತ್ತದೆ, ನಳಿಕೆ ಹಿಡಿಯದು.

ಇವುಗಳಲ್ಲಿ ಯಾವುದರ ಪಾಲು ಎಷ್ಟು? ಇದಕ್ಕೆ ಸುಳಿವು ಸಿಕ್ಕಿದ್ದು ಹೆಚ್ಚುಕಡಿಮೆ ಅದೇ ಸಂಶೋಧಕರ ಬಳಗದಿಂದ. 2017ರಲ್ಲಿ ರತ್ನಾಯಕೆ ಮತ್ತು ಸಂಗಡಿಗರು ಶ್ರೀಲಂಕಾದಲ್ಲೇ ಪರೀಕ್ಷೆಯನ್ನು ಕಟ್ಟುನಿಟ್ಟಿನ ಕ್ರಮದಲ್ಲಿ ಮಾಡಿಸಿದಾಗ ಅದರ ಹಿಡಿಯುವ ಶಕ್ತಿ ಶೇ. 82ಕ್ಕೆ ಏರಿತು, ನಿರ್ದಿಷ್ಟತೆ ಶೇ. 98 ಇತ್ತು. ಹಾವು ಅದೇ, ದೇಶ ಅದೇ. ಬದಲಾದದ್ದು ಮುಖ್ಯವಾಗಿ ಮಾಡುವ ರೀತಿ. ಆದ್ದರಿಂದ ಮೊದಲಿನ ಶೇ. 40 ಪರೀಕ್ಷೆಯ ಅಳತೆಯಲ್ಲ, ವಾರ್ಡಿನ ದೈನಂದಿನ ಕೆಲಸದ ಅಳತೆ ಎನ್ನುವುದು ನನ್ನ ವಾದ. ಎರಡು ಅಧ್ಯಯನಗಳ ರೋಗಿಗಳು ಒಂದೇ ಹೊತ್ತಿನಲ್ಲಿ, ಒಂದೇ ಪ್ರಮಾಣದ ವಿಷ ಹೊತ್ತು ಬಂದಿದ್ದರು ಎಂದು ಖಚಿತವಾಗಿ ಹೇಳಲಾಗದು. ಹಾಗಾಗಿ ನಡುವಿನ 42 ಅಂಶಗಳಷ್ಟನ್ನೂ ಕೈಚಳಕದ ಲೆಕ್ಕಕ್ಕೆ ಬರೆಯುವುದು ದುಡುಕಾದೀತು. ಆದರೆ ಉಳಿದ ಶೇ. 18 ನನ್ನ ವಾದಕ್ಕೆ ಇನ್ನೂ ಮುಖ್ಯ. ಎಷ್ಟೇ ಶಿಸ್ತಿನಿಂದ ಮಾಡಿದರೂ ಐವರಲ್ಲಿ ಸುಮಾರು ಒಬ್ಬರನ್ನು ಮೊದಲ ನಳಿಕೆ ಬಿಟ್ಟುಬಿಡುತ್ತದೆ. ಇವರಲ್ಲಿ ಬಹುಪಾಲು ಮಂದಿ ಮೇಲೆ ಹೇಳಿದ ಮೂರನೆಯ ದಾರಿಯವರು, ಅಂದರೆ ಇನ್ನೂ ಇಳಿಯುತ್ತಿರುವವರು, ಎಂದು ನಾನು ಊಹಿಸುತ್ತೇನೆ.

ಈ ಊಹೆ ಸರಿಯಾದರೆ, ಹೆಪ್ಪುಗಟ್ಟಿದ ಮೊದಲ ನಳಿಕೆಯನ್ನು ರಕ್ತದ ಕೆಡುಕು 'ಇಲ್ಲ' ಎಂದಲ್ಲ, 'ಇನ್ನೂ ಇಲ್ಲ' ಎಂದು ದಾಖಲಿಸಬೇಕು. ಮರುಪರೀಕ್ಷೆಗೆ ವೈದ್ಯರ ಆದೇಶ ಕಾಯದೆ ಶುಶ್ರೂಷಕಿಯೇ ಕೈಹಾಕುವ ಅಧಿಕಾರ ಇರಬೇಕು. ಎರಡನೆಯ ಮಾತಿಗೆ ಮಿತಿ ಹಾಕುತ್ತೇನೆ. ಇದು ಮಂಡಲದ ಹಾವುಗಳ ಪ್ರದೇಶಕ್ಕೆ, ಕಡಿತದ ಮೊದಲ ಗಂಟೆಗಳಿಗೆ, ರಕ್ತ ತೆಗೆಯಲು ಸುರಕ್ಷಿತ ಸಿರೆ ಇರುವ ರೋಗಿಗೆ ಮಾತ್ರ. ಪದೇಪದೇ ಸೂಜಿ ಚುಚ್ಚುವುದೂ ರಕ್ತ ಕಟ್ಟದ ರೋಗಿಗೆ ನಿರಪಾಯವಲ್ಲ. ಒತ್ತಿ ಹಿಡಿಯಲಾಗುವ ತೋಳಿನ ಸಿರೆಯನ್ನೇ ಆರಿಸಿ, ಚುಚ್ಚಿದ ಮೇಲೆ ಒತ್ತಿ ಹಿಡಿದು, ಆ ಜಾಗ ಜಿನುಗುತ್ತಿದೆಯೇ ಎಂದು ನೋಡಬೇಕು. ಆ ಜಿನುಗುವಿಕೆಯೇ ಒಂದು ಚಿಹ್ನೆ.

ಪಾಠಕ್ಕೆಂದೇ ಕಟ್ಟಿದ ಒಂದು ಪ್ರಕರಣವನ್ನು ನಿಗಾಪಟ್ಟಿಯಲ್ಲಿ ಹಿಂಬಾಲಿಸಿದರೆ ವಾದ ಸ್ಪಷ್ಟವಾದೀತು. ಗದ್ದೆಯ ಬದುವಿನ ಮೇಲೆ ಸಂಜೆ 6.30ಕ್ಕೆ ಹಿಮ್ಮಡಿಯ ಬಳಿ ಕಡಿತ. 7.40ಕ್ಕೆ ತಾಲ್ಲೂಕು ಆಸ್ಪತ್ರೆ. ಪಾದ ಊದಿದೆ. ಊತದ ಮೇಲಂಚಿಗೆ ಪೆನ್ನಿನಲ್ಲಿ ಗೆರೆ ಎಳೆದು ಪಕ್ಕದಲ್ಲಿ ಸಮಯ ಬರೆಯಲಾಯಿತು. 7.45ಕ್ಕೆ ತೆಗೆದ ರಕ್ತ 8.05ಕ್ಕೆ ಹೆಪ್ಪುಗಟ್ಟಿತ್ತು, ಹೋಲಿಕೆ ನಳಿಕೆಯೂ ಹೆಪ್ಪುಗಟ್ಟಿತ್ತು. ಇಲ್ಲಿ 'ನಾರ್ಮಲ್' ಎಂದು ಬರೆದು ಮುಂದಿನ ಹಾಸಿಗೆಗೆ ಹೋದವರಿಗೆ 8.30ರ ಸಂಗತಿ ಕಾಣುವುದಿಲ್ಲ: ಕ್ಯಾನುಲಾ ಹಾಕಿದ ಜಾಗದ ಹತ್ತಿ ಒದ್ದೆ, ಉಗುಳಿನಲ್ಲಿ ಕೆಂಪು ಎಳೆ, ಊತ ಗೆರೆ ದಾಟಿ ನಾಲ್ಕು ಬೆರಳು ಮೇಲೆ. 8.45ಕ್ಕೆ ತೆಗೆದ ಎರಡನೆಯ ನಳಿಕೆ 9.05ಕ್ಕೆ ಬಗ್ಗಿಸಿದಾಗ ನೀರಿನಂತೆ ಹರಿಯಿತು. ವೈದ್ಯರು ಹತ್ತು ಸೀಸೆ ವಿಷಪ್ರತಿರೋಧಕವನ್ನು ಸಲೈನಿನಲ್ಲಿ ಬೆರೆಸಿ ಒಂದು ಗಂಟೆಯೊಳಗೆ ಹರಿಸಲು ಹೇಳುತ್ತಾರೆ. ಆ ಬಾಟಲಿ ಏರಿಸುವ ಮೊದಲೇ ಅಡ್ರಿನಾಲಿನ್ ಅನ್ನು ಸಿರಿಂಜಿನಲ್ಲಿ ತುಂಬಿ ಪಕ್ಕದಲ್ಲಿಟ್ಟಿರಬೇಕು. ಮೈಮೇಲೆ ದದ್ದು, ತುರಿಕೆ, ಚಳಿ ನಡುಕ, ಉಬ್ಬಸ ಕಂಡ ಕೂಡಲೇ ಹರಿವು ನಿಲ್ಲಿಸಬೇಕು. ಮುಂದಿನ ನಳಿಕೆ ಆರು ಗಂಟೆಯ ಬಳಿಕ. ಯಕೃತ್ತು ಹೊಸ ಅಂಶಗಳನ್ನು ತಯಾರಿಸಲು ಅಷ್ಟು ಹೊತ್ತು ಬೇಕು. ಅದಕ್ಕೂ ಮೊದಲು ಪರೀಕ್ಷಿಸಿ ಔಷಧಿ ಫಲಿಸಿಲ್ಲ ಎನ್ನುವುದು ಅವಸರದ ಮಾತು. ಈ ನಡುವೆ ಗಂಟೆಗಂಟೆಗೆ ಮೂತ್ರದ ಪ್ರಮಾಣ ಮತ್ತು ಬಣ್ಣ ನೋಡಬೇಕು, ಏಕೆಂದರೆ ಈ ಹಾವು ಮೂತ್ರಪಿಂಡವನ್ನೂ ಬಿಡುವುದಿಲ್ಲ.

ಇದೇ ಪಟ್ಟಿಯಲ್ಲಿ ಇನ್ನೊಂದು ಸಾಲು ಇರಬೇಕಿತ್ತು. ನಾಗರ ಮತ್ತು ಕಟ್ಟುಹಾವು ನರಕ್ಕೆ, ಮಂಡಲಗಳು ರಕ್ತಕ್ಕೆ ಎಂಬ ಪಠ್ಯಪುಸ್ತಕದ ವಿಂಗಡಣೆ ದಕ್ಷಿಣ ಭಾರತ ಮತ್ತು ಶ್ರೀಲಂಕಾದ ಕೊಳಕುಮಂಡಲದ ಮಟ್ಟಿಗೆ ಪೂರ್ತಿ ನಿಲ್ಲುವುದಿಲ್ಲ. ಇದರ ಕಡಿತದಲ್ಲಿ ರೆಪ್ಪೆ ಜೋಲುವುದೂ ಉಂಟು. ನಮ್ಮ ರೋಗಿಯಲ್ಲಿ 8 ಗಂಟೆಗೆ ಮೇಲ್ರೆಪ್ಪೆ ಕಣ್ಣಿನ ಕರಿವೃತ್ತದ ಮೇಲಂಚನ್ನು ಒಂದೆರಡು ಮಿ.ಮೀ. ಮುಚ್ಚಿತ್ತು, ಅದು ಸಹಜ. 9 ಗಂಟೆಗೆ ಪಾಪೆಯ ಅಂಚಿಗೆ ಇಳಿದಿತ್ತು. 'ಆಯಾಸ, ನಿದ್ದೆ' ಎಂದು ಬರೆಯುವುದು ಸುಲಭ. ಆದರೆ ನಿದ್ದೆಗಣ್ಣು ಕರೆದರೆ ತೆರೆಯುತ್ತದೆ. ಒಂದು ನಿಮಿಷ ಮೇಲೆ ನೋಡುವಂತೆ ಹೇಳಿ, ರೆಪ್ಪೆ ತಾನಾಗಿ ಕುಸಿಯುತ್ತದೆಯೇ ನೋಡಬೇಕು. ಆಮೇಲೆ ಒಂದಕ್ಕೆ ಎರಡು ಕಾಣುತ್ತದೆಯೇ, ನುಂಗುವಾಗ ಕಷ್ಟವೇ, ದಿಂಬಿನಿಂದ ತಲೆ ಎತ್ತಲಾಗುತ್ತದೆಯೇ ಎಂದು ಕೇಳಬೇಕು. ಒಂದೇ ಉಸಿರಿನಲ್ಲಿ ಎಷ್ಟರವರೆಗೆ ಎಣಿಸಬಲ್ಲರು ಎಂಬುದನ್ನು ಪ್ರತಿ ಬಾರಿ ಬರೆದಿಟ್ಟರೆ, ಇಪ್ಪತ್ತೈದು ಹದಿನೆಂಟಾಗಿ, ಹದಿನೆಂಟು ಹನ್ನೆರಡಾಗಿ ಇಳಿಯುವುದು ಆಮ್ಲಜನಕದ ಮೀಟರು ಎಚ್ಚರಿಸುವುದಕ್ಕೆ ಮೊದಲೇ ತಿಳಿಯುತ್ತದೆ.

ಹೆಪ್ಪುಗಟ್ಟಿದ ನಳಿಕೆ ಅತ್ಯಂತ ಅಪಾಯಕಾರಿಯಾಗಿ ಸುಳ್ಳು ಧೈರ್ಯ ಕೊಡುವುದು ಕಟ್ಟುಹಾವಿನ ಕಡಿತದಲ್ಲಿ. ನೆಲದ ಮೇಲೆ ಮಲಗಿದ್ದವರು ನಸುಕಿನಲ್ಲಿ ಹೊಟ್ಟೆನೋವೆಂದು ಬರುತ್ತಾರೆ. ಗಾಯದ ಗುರುತಿರುವುದಿಲ್ಲ, ಊತವಿರುವುದಿಲ್ಲ, ರಕ್ತ ಚೆನ್ನಾಗಿಯೇ ಹೆಪ್ಪುಗಟ್ಟುತ್ತದೆ, ಕೊನೆಯವರೆಗೂ. ನರಗಳ ವಿಚಾರದಲ್ಲಿ ಆ ನಳಿಕೆ ಏನನ್ನೂ ಹೇಳುವುದಿಲ್ಲ. ಪಾರ್ಶ್ವವಾಯು ಪೂರ್ತಿ ಆವರಿಸಿದ ಮೇಲೆ ಪಾಪೆಗಳು ಬೆಳಕಿಗೆ ಸ್ಪಂದಿಸದಿದ್ದರೂ ರೋಗಿಗೆ ಎಲ್ಲವೂ ಕೇಳಿಸುತ್ತಿರುತ್ತದೆ, ಆದ್ದರಿಂದ ಹಾಸಿಗೆಯ ಪಕ್ಕ 'ಮಿದುಳು ಸತ್ತಿದೆ' ಎಂಬ ಮಾತು ಆಡಕೂಡದು. ನಾಗರದ ವಿಷಕ್ಕೆ ನಿಯೋಸ್ಟಿಗ್ಮಿನ್ ಒಗ್ಗುವಂತೆ ಕಟ್ಟುಹಾವಿನ ವಿಷಕ್ಕೆ ಸಾಮಾನ್ಯವಾಗಿ ಒಗ್ಗುವುದಿಲ್ಲ. ಆ ವಿಷ ನರದ ತುದಿಯನ್ನೇ ಹಾಳುಮಾಡುವುದರಿಂದ ಉಸಿರಾಟಕ್ಕೆ ಯಂತ್ರದ ನೆರವು ದಿನಗಟ್ಟಲೆ ಬೇಕಾಗಬಹುದು.

ಇತ್ಯರ್ಥವಾಗದೆ ಉಳಿದದ್ದು ಮಲೆನಾಡಿನ ಪ್ರಶ್ನೆ. ಅಲ್ಲಿನ ತೋಟಗಳಲ್ಲಿರುವ, ಮೂತಿ ಮೇಲೆತ್ತಿದ ಹಿಪ್ನೇಲ್ ಜಾತಿಯ ಗುಳಿಮಂಡಲದ ಕಡಿತದಲ್ಲಿ ರಕ್ತದ ಕೆಡುಕು ಹೆಚ್ಚಾಗಿ ಸೌಮ್ಯವಾಗಿರುತ್ತದೆ. ನಾಲ್ಕು ಹಾವುಗಳ ವಿಷದಿಂದ ತಯಾರಾಗುವ ನಮ್ಮ ವಿಷಪ್ರತಿರೋಧಕದಲ್ಲಿ ಇದರ ಪಾಲಿಲ್ಲ. ನಾನು ಮೇಲೆ ಸೂಚಿಸಿದ ಮರುಪರೀಕ್ಷೆಯ ಕ್ರಮ ಅಲ್ಲಿ ಹೊಸದಾಗಿ ಕೆಟ್ಟ ರಕ್ತವನ್ನು ಹಿಡಿದರೂ ಮುಂದೆ ಕೊಡಬೇಕಾದ ಔಷಧಿ ಯಾವುದು ಎಂಬುದಕ್ಕೆ ಉತ್ತರ ಕೊಡುವುದಿಲ್ಲ. ಸಡಿಲವಾದ ಗಡ್ಡೆಗೆ ಪಟ್ಟಿಯಲ್ಲಿ ಮೂರನೆಯ ಕಾಲಮು ಸೇರಿಸಿದರೆ ಹಿಪ್ನೇಲ್ ಕಡಿತವನ್ನು ಕೊಳಕುಮಂಡಲದ್ದರಿಂದ ಬೇಗ ಬೇರ್ಪಡಿಸಲಾದೀತೇ ಎಂಬುದನ್ನು, ಎರಡೂ ಹಾವುಗಳಿರುವ ಜಿಲ್ಲೆಯೊಂದರಲ್ಲಿ ಹಾವನ್ನು ಖಚಿತವಾಗಿ ಗುರುತಿಸಿದ ರೋಗಿಗಳ ಮೇಲೆ, ಪ್ರಯೋಗಾಲಯದ ಫೈಬ್ರಿನೋಜೆನ್ ಅಳತೆಯೊಂದಿಗೆ ಹೋಲಿಸಿ ನೋಡಬೇಕಾಗಿದೆ.